ಎ ಶಿಫ್ಟ್ ಮೆಸೇಜಿನಲ್ಲಿ ಕಾಣದ 65 ನಿಮಿಷ

ಪ್ರಶ್ನೆ: ಪೀಣ್ಯದ ಒಂದು ಸಿಎನ್‌ಸಿ ಮೆಷಿನ್ ಶಾಪ್‌ನಲ್ಲಿ ಪ್ಲ್ಯಾನಿಂಗ್ ಅಸಿಸ್ಟೆಂಟ್ ಆಗಿ ಸೇರಿ ಮೂರು ತಿಂಗಳಾಯ್ತು. ಸೂಪರ್‌ವೈಸರ್‌ಗಳು ಶಿಫ್ಟ್ ಮುಗಿದ ಮೇಲೆ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕೋ ಮೆಸೇಜ್ ನೋಡಿ, ನಾನು ದಿನಾ ಪ್ಲಾಂಟ್ ಮ್ಯಾನೇಜರ್‌ಗೆ ಪ್ರೊಡಕ್ಷನ್ ರಿಪೋರ್ಟ್ ಕಳಿಸಬೇಕು. ಅವರು ಬರೆದಿದ್ದನ್ನೇ ನೀಟಾಗಿ ತಿದ್ದಿ ಕಳಿಸ್ತೀನಿ. ಆದರೂ ಮ್ಯಾನೇಜರ್ ದಿನಾ "ಉಳಿದ ಟೈಮ್ ಎಲ್ಲಿ ಹೋಯ್ತು?" ಅಂತಾರೆ, ನನ್ನ ಹತ್ರ ಉತ್ತರ ಇರಲ್ಲ. ಏನು ತಪ್ಪು ಮಾಡ್ತಿದೀನಿ?

ಉತ್ತರ: ತಪ್ಪು ಇರುವುದು "ನೀಟಾಗಿ ತಿದ್ದಿ" ಅನ್ನುವಲ್ಲಿ. ಲೋಹ ಕತ್ತರಿಸುವ ಟೂಲ್‌ನ ಬದಲಿಸಬಹುದಾದ ತುದಿ, ಅಂದರೆ ಇನ್ಸರ್ಟ್, ಸಿಗದ ದಿನ "ಇನ್ಸರ್ಟ್ ಸಿಗ್ಲಿಲ್ಲ, ಸುಮಾರು ಹೊತ್ತು ನಿಂತಿತ್ತು" ಎಂದು ಸೂಪರ್‌ವೈಸರ್ ಬರೆದರೆ, ಆಫೀಸಿನವರು ಅದನ್ನು "ಇನ್ಸರ್ಟ್ ಅಲಭ್ಯತೆಯಿಂದ ಉತ್ಪಾದನೆಗೆ ಅಡಚಣೆಯಾಯಿತು" ಎಂದು ಬದಲಿಸುತ್ತಾರೆ. ವಾಕ್ಯಕ್ಕೆ ಇಸ್ತ್ರಿ ಬಿತ್ತು, ವಿಷಯ ಮಾತ್ರ ಇನ್ನೂ ಕಡಿಮೆಯಾಯಿತು. ಮೂಲದಲ್ಲಿ "ಸುಮಾರು ಹೊತ್ತು" ಎಂಬ ಮಾತಾದರೂ ಇತ್ತು, ಎಷ್ಟು ಹೊತ್ತು ಎಂದು ಕೇಳಬೇಕೆನಿಸುತ್ತಿತ್ತು. ಹೊಸ ವಾಕ್ಯದಲ್ಲಿ ಅದೂ ಹೋಯಿತು.

ಮೆಸೇಜನ್ನು ವಾಕ್ಯವಾಗಿ ನೋಡುವುದನ್ನು ಬಿಟ್ಟು ನಿಮಿಷಗಳ ಲೆಕ್ಕವಾಗಿ ನೋಡಿ. ಪ್ರತಿ ಮೆಷಿನ್‌ಗೂ ಒಂದು ಶಿಫ್ಟ್‌ನಲ್ಲಿ ಇಷ್ಟೇ ನಿಮಿಷ ಎಂದಿರುತ್ತದೆ. ಅದರಲ್ಲಿ ಒಂದಷ್ಟು ಪೀಸ್ ಮಾಡಲು ಹೋಗಿರುತ್ತದೆ, ಒಂದಷ್ಟು ಕಾರಣ ಹೇಳಬಹುದಾದ ರೀತಿಯಲ್ಲಿ ನಿಂತು ಹೋಗಿರುತ್ತದೆ, ಉಳಿದದ್ದಕ್ಕೆ ಯಾರ ಬಳಿಯೂ ಕಾರಣವಿರುವುದಿಲ್ಲ. ಈ ಮೂರನ್ನೂ ಕೂಡಿದರೆ ಶಿಫ್ಟ್‌ನ ಸಮಯಕ್ಕೆ ಸರಿಹೋಗಬೇಕು. ನಿಮ್ಮ ಮ್ಯಾನೇಜರ್ ಕೇಳುತ್ತಿರುವುದು ಮೂರನೆಯ ಪಾಲಿನ ಬಗ್ಗೆ. ಅವರು ಕೇಳುವ ಮೊದಲೇ ನೀವು ಅದನ್ನು ಕಂಡುಹಿಡಿಯಬಹುದು, ಅದೂ ಸೂಪರ್‌ವೈಸರ್ ಇನ್ನೂ ಗೇಟ್ ದಾಟದಿರುವಾಗಲೇ.

ಮೂರು ಟರ್ನಿಂಗ್ ಮೆಷಿನ್ ಇರುವ ಒಂದು ಲೈನ್ ಅನ್ನು ಮಾದರಿಗೆ ಇಟ್ಟುಕೊಳ್ಳೋಣ. ಎ ಶಿಫ್ಟ್ ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ. 9 ಗಂಟೆಗೆ ತಿಂಡಿಗೆ 30 ನಿಮಿಷ, 12ಕ್ಕೆ ಟೀಗೆ 10 ನಿಮಿಷ. 480ರಲ್ಲಿ 40 ಕಳೆದರೆ ಮೆಷಿನ್‌ಗೆ ಸಿಗುವುದು 440 ನಿಮಿಷ. ಒಂದನೇ ಮೆಷಿನ್‌ನಲ್ಲಿ ಬುಷ್, ಪೀಸಿಗೆ 90 ಸೆಕೆಂಡ್. ಎರಡರಲ್ಲಿ ಫ್ಲ್ಯಾಂಜ್, 150 ಸೆಕೆಂಡ್. ಮೂರರಲ್ಲಿ ಶಾಫ್ಟ್, 120 ಸೆಕೆಂಡ್.

ಈ ಸೆಕೆಂಡ್‌ಗಳ ಬಗ್ಗೆ ಒಂದು ಎಚ್ಚರಿಕೆ. ಮೆಷಿನ್ ಸ್ಕ್ರೀನ್‌ನಲ್ಲಿ ಕಾಣುವ ಸೈಕಲ್ ಟೈಮ್ ಪ್ರೋಗ್ರಾಂ ಓಡಿದ ಹೊತ್ತು ಮಾತ್ರ. ಬಾಗಿಲು ತೆಗೆದು, ಚಿಪ್ ಊದಿ, ಮುಗಿದ ಪೀಸ್ ಇಳಿಸಿ, ಹೊಸದನ್ನು ಚಕ್‌ಗೆ ಹಾಕುವ ಹೊತ್ತು ಅದರಲ್ಲಿ ಸೇರಿರುವುದಿಲ್ಲ. ಸ್ಟಾಪ್‌ವಾಚ್ ಹಿಡಿದು, ಒಂದು ಪೀಸ್ ಕೈಗೆ ಬಂದಾಗಿನಿಂದ ಮುಂದಿನ ಹತ್ತು ಪೀಸ್ ಮುಗಿಯುವವರೆಗೆ ಅಳೆದು ಹತ್ತರಿಂದ ಭಾಗಿಸಿ. ಆ ಸಂಖ್ಯೆಯೇ ಬೇಕಾದದ್ದು. ಇಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪಿದಂತೆಯೇ.

ಮಧ್ಯಾಹ್ನ 2:20ಕ್ಕೆ ಹೀಗೊಂದು ಮೆಸೇಜ್ ಬಂತು ಎನ್ನಿ:

> ಸಾರ್ ಎ ಶಿಫ್ಟ್. ಒಂದನೇ ಮೆಷಿನ್ ಬುಷ್ 265 ಆಯ್ತು. ಎರಡರಲ್ಲಿ ಫ್ಲ್ಯಾಂಜ್ 90 ಹತ್ರ, ಇನ್ಸರ್ಟ್ ಸಿಗ್ಲಿಲ್ಲ ಸುಮಾರು ಹೊತ್ತು ನಿಂತಿತ್ತು, ಸೈಜ್ ಔಟ್ 6 ಪಕ್ಕಕ್ಕಿಟ್ಟಿದೀನಿ. ಮೂರು ಬೆಳಿಗ್ಗೆ ಸೆಟ್ಟಿಂಗ್, ಹತ್ತೂವರೆಗೆ ಶುರು, ಶಾಫ್ಟ್ 96 ಆಯ್ತು. ಮಧ್ಯ ಕರೆಂಟ್ ಹೋಗಿತ್ತು. ಒಬ್ಬ ಬಂದಿಲ್ಲ, ಮೂರನ್ನ ನಾನೇ ನೋಡ್ಕೊಂಡೆ.

ಇದು ಒಳ್ಳೆಯ ಮೆಸೇಜ್. ಹೀಗೆ ಬರೆಯುವ ಸೂಪರ್‌ವೈಸರ್‌ಗೆ ಫಾರ್ಮ್ಯಾಟ್ ಕೊಟ್ಟು ಕಟ್ಟಿಹಾಕಬೇಡಿ. ಕೊಟ್ಟರೆ ಖಾನೆಗಳು ತುಂಬುತ್ತವೆ, "ಒಬ್ಬ ಬಂದಿಲ್ಲ, ನಾನೇ ನೋಡ್ಕೊಂಡೆ" ಎಂಬ ಮಾತು ನಿಂತುಹೋಗುತ್ತದೆ. ಆ ಮಾತೇ ಮುಂದೆ ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದನ್ನು ನೋಡುವಿರಂತೆ.

ಮೊದಲು ಪದಗಳನ್ನು ಅನುಮಾನಿಸಿ. "ಆಯ್ತು" ಎಂದರೆ ಮಾಡಿದ್ದೆಷ್ಟೋ, ಇನ್‌ಸ್ಪೆಕ್ಷನ್‌ನಲ್ಲಿ ಓಕೆ ಆದದ್ದೆಷ್ಟೋ? ಶಾಪ್ ಫ್ಲೋರ್ ಮಾತಿನಲ್ಲಿ ಎರಡಕ್ಕೂ ಅದೇ ಪದ. "ಹತ್ರ" ಎಂದರೆ ಯಾರೂ ಎಣಿಸಿಲ್ಲ ಎಂದರ್ಥ. "ಪಕ್ಕಕ್ಕಿಟ್ಟಿದೀನಿ" ಎಂದರೆ ರಿಜೆಕ್ಟ್ ಅಲ್ಲ, ಹೋಲ್ಡ್, ಅಂದರೆ ತೀರ್ಮಾನ ಇನ್ನೂ ಆಗಿಲ್ಲ. ಹೋಲ್ಡ್ ಅನ್ನು ರಿಜೆಕ್ಟ್ ಖಾನೆಗೆ ಹಾಕಿದರೆ, ನಾಳೆ ಆ ಆರು ಪೀಸ್ ರೀವರ್ಕ್ ಆಗಿ ಬಂದಾಗ ಅವು ಎಲ್ಲಿಂದ ಬಂದವು ಎಂದು ಯಾರಿಗೂ ತಿಳಿಯುವುದಿಲ್ಲ. ಇನ್ನು ಬುಷ್‌ನ ರಿಜೆಕ್ಟ್ ಬಗ್ಗೆ ಮೆಸೇಜ್‌ನಲ್ಲಿ ಮಾತೇ ಇಲ್ಲ. ಹೇಳಲಿಲ್ಲ ಎಂದ ಮಾತ್ರಕ್ಕೆ ಸೊನ್ನೆ ಎಂದಲ್ಲ. ಕೇಳುವವರೆಗೆ ಆ ಖಾನೆ ಖಾಲಿ ಇರಲಿ, ಸೊನ್ನೆ ಹಾಕಬೇಡಿ.

ಈಗ ಲೆಕ್ಕಕ್ಕೆ ಬರೋಣ. ಎಕ್ಸೆಲ್‌ನಲ್ಲಿ ಒಂದು ಮೆಷಿನ್‌ಗೆ, ಒಂದು ಶಿಫ್ಟ್‌ಗೆ, ಒಂದು ಪಾರ್ಟ್‌ಗೆ ಒಂದು ಸಾಲು. A ತಾರೀಕು, B ಶಿಫ್ಟ್, C ಮೆಷಿನ್, D ಪಾರ್ಟ್, E ಸೈಕಲ್ ಸೆಕೆಂಡ್, F ಸಿಗುವ ನಿಮಿಷ, G ಒಟ್ಟು ಮಾಡಿದ ಪೀಸ್, H ಹೋಲ್ಡ್, I ರಿಜೆಕ್ಟ್, J ಕಾರಣ ಗೊತ್ತಿರುವ ನಿಲುಗಡೆ ನಿಮಿಷ. K ಮತ್ತು L ಖಾನೆಗಳಲ್ಲಿ ಫಾರ್ಮುಲಾ:

```
K2:  =F2-(G2*E2/60)-J2
L2:  =IF(K2<0,"ಎಣಿಕೆ ನೋಡು",IF(K2>F2*0.08,"ಕೇಳು","ಸರಿ"))
```

K ಎಂದರೆ ಕಾರಣ ಸಿಗದ ನಿಮಿಷ. ಅದು ಎಂದೂ ಸೊನ್ನೆಯಾಗುವುದಿಲ್ಲ, ಆಗಬಾರದು ಕೂಡ. ಚಿಪ್ ಸಿಕ್ಕಿಕೊಂಡದ್ದನ್ನು ಬಿಡಿಸುವುದು, ಗೇಜ್ ಹಾಕಿ ನೋಡುವುದು, ಇನ್ಸರ್ಟ್‌ನ ಮೂಲೆ ತಿರುಗಿಸುವುದು, ಇವೆಲ್ಲ ಎರಡು ಮೂರು ನಿಮಿಷದ ಕೆಲಸಗಳು, ಯಾರೂ ಬರೆಯುವುದಿಲ್ಲ. ಅದಕ್ಕೆಂದೇ 8 ಶೇಕಡಾ, ಅಂದರೆ 440ರಲ್ಲಿ 35 ನಿಮಿಷ ಬಿಟ್ಟಿದ್ದೇನೆ. ನಿಮ್ಮ ಲೈನ್‌ನಲ್ಲಿ ಒಳ್ಳೆಯ ದಿನಗಳಲ್ಲಿ K ಎಷ್ಟಿರುತ್ತದೆ ಎಂದು ಎರಡು ವಾರ ನೋಡಿ, ಈ ಮಿತಿಯನ್ನು ಹೆಚ್ಚುಕಡಿಮೆ ಮಾಡಿಕೊಳ್ಳಿ. ದಿನವೂ K ಸೊನ್ನೆಗೇ ಬಂದು ನಿಂತರೆ ಯಾರೋ ಲೆಕ್ಕ ಕೂಡಿಸಲೆಂದೇ ನಿಮಿಷ ತುಂಬುತ್ತಿದ್ದಾರೆ ಎಂದು ತಿಳಿಯಿರಿ.

ಮೆಸೇಜ್‌ನಲ್ಲಿರುವುದನ್ನಷ್ಟೇ ತುಂಬಿ ನೋಡೋಣ. ಬುಷ್ 265, ತಲಾ ಒಂದೂವರೆ ನಿಮಿಷ: 397.5 ನಿಮಿಷ. 440ರಲ್ಲಿ ಕಳೆದರೆ ಉಳಿದದ್ದು 42.5. ಮಿತಿ ದಾಟಿದೆ, "ಕೇಳು" ಎಂದು ಬರುತ್ತದೆ. ಫ್ಲ್ಯಾಂಜ್ 90 ಎಂದೇ ಹಿಡಿದರೆ 225 ನಿಮಿಷ, ಉಳಿದ 215 ಪೂರ್ತಿ ಕತ್ತಲು. ಮೂರನೆಯದು ಸ್ವಾರಸ್ಯದ್ದು. 6ರಿಂದ 10:30ರವರೆಗೆ 270 ನಿಮಿಷ, ಅದರಲ್ಲಿ ತಿಂಡಿಯ 30 ಕಳೆದರೆ ಸೆಟ್ಟಿಂಗ್‌ಗೆ 240. ಶಾಫ್ಟ್ 96ಕ್ಕೆ 192. ಕೂಡಿದರೆ 432, ಉಳಿದದ್ದು ಬರೀ 8. ನೋಡಲು "ಸರಿ". ಆದರೆ ಕರೆಂಟ್ ಹೋದ ಹೊತ್ತನ್ನು ಇನ್ನೂ ಸೇರಿಸಿಲ್ಲ. ಅದು 8 ನಿಮಿಷಕ್ಕಿಂತ ಹೆಚ್ಚಿದ್ದರೆ ಮೆಷಿನ್ ಮಾಡಲಾಗದಷ್ಟು ಪೀಸ್ ಮಾಡಿದಂತಾಗುತ್ತದೆ.

ಈಗ ಫೋನ್ ಮಾಡಿ. 2:45ರೊಳಗೆ ಮಾಡಿದರೆ ಒಳ್ಳೆಯದು, ಸೂಪರ್‌ವೈಸರ್ ಇನ್ನೂ ಹ್ಯಾಂಡೋವರ್ ಕೊಡುತ್ತಿರುತ್ತಾರೆ. ಕಂಪನಿ ಬಸ್ ಹತ್ತಿದ ಮೇಲೆ ಅವರ ನೆನಪೂ ಮನೆ ಕಡೆ ಹೊರಟಿರುತ್ತದೆ. "ಫ್ಲ್ಯಾಂಜ್ ಯಾಕೆ ಕಮ್ಮಿ ಸಾರ್?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಬರುವುದು ಸಮಜಾಯಿಷಿ. ಗಡಿಯಾರದ ಪ್ರಶ್ನೆ ಕೇಳಿ: "ಎರಡನೇ ಮೆಷಿನ್ ಎಷ್ಟು ಗಂಟೆಗೆ ನಿಂತಿದ್ದು ಸಾರ್, ಮೊದಲನೇ ಒಳ್ಳೇ ಪೀಸ್ ಎಷ್ಟು ಗಂಟೆಗೆ ಬಂತು?" ಪ್ರಶ್ನೆಯ ಎರಡನೇ ಭಾಗ ಬಹಳ ಮುಖ್ಯ. "ಎಷ್ಟು ಹೊತ್ತಿಗೆ ಇನ್ಸರ್ಟ್ ಬಂತು" ಎಂದು ಕೇಳಿದರೆ ಸ್ಟೋರ್‌ನಿಂದ ಇನ್ಸರ್ಟ್ ಬಂದ ಹೊತ್ತು ಹೇಳುತ್ತಾರೆ. ಅದನ್ನು ಹಾಕಿ, ಆಫ್‌ಸೆಟ್ ಕೊಟ್ಟು, ಪೀಸ್ ತೋರಿಸಿ ಒಪ್ಪಿಗೆ ಪಡೆದ ಹೊತ್ತು ಬಿಟ್ಟುಹೋಗುತ್ತದೆ.

ನಮ್ಮ ಮಾದರಿಯಲ್ಲಿ ಆಗುವುದೂ ಅದೇ. ಮೊದಲ ಉತ್ತರ: ಒಂಬತ್ತು ನಲವತ್ತಕ್ಕೆ ನಿಂತಿತು, ಹನ್ನೆರಡೂ ಕಾಲಿಗೆ ಇನ್ಸರ್ಟ್ ಬಂತು. 155 ನಿಮಿಷ. ಇದರೊಳಗೆ 12ರ ಟೀ ಇದೆ. 440 ನಿಮಿಷವನ್ನು ಟೀ ಕಳೆದೇ ಲೆಕ್ಕ ಹಾಕಿದ್ದೇವೆ, ಆದ್ದರಿಂದ ಆ 10 ನಿಮಿಷವನ್ನು ನಿಲುಗಡೆಯಿಂದಲೂ ತೆಗೆಯಬೇಕು. ಉಳಿದದ್ದು 145. ಗಂಟೆಗೊಮ್ಮೆ ಬರೆಯುವ ಶೀಟ್‌ನಲ್ಲಿ ಫ್ಲ್ಯಾಂಜ್ 92 ಎಂದಿದೆ, ಆ ಆರೂ ಸೇರಿ. 92ಕ್ಕೆ 230 ನಿಮಿಷ. 440ರಿಂದ 230 ಮತ್ತು 145 ಕಳೆದರೆ 65. ಸುಮಾರು 15 ಶೇಕಡಾ, ಇನ್ನೂ "ಕೇಳು" ಎಂದೇ ತೋರಿಸುತ್ತಿದೆ.

ಇಲ್ಲಿ ಬಹಳ ಜನ ಸೋತು ಕೂರುತ್ತಾರೆ. 145ನ್ನು 180 ಮಾಡಿಬಿಟ್ಟರೆ ಲೆಕ್ಕ ಕೂಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಮಾಡಬೇಡಿ. "ಹನ್ನೆರಡೂ ಕಾಲಿಗೇ ಓಡಿತಾ, ಪೀಸ್ ಪಾಸಾಗಿದ್ದು ಯಾವಾಗ?" ಎಂದು ಇನ್ನೊಂದು ಪ್ರಶ್ನೆ ಕೇಳಿ. ಉತ್ತರ: ಹನ್ನೆರಡು ಐವತ್ತು. ಸಿಕ್ಕಿದ್ದು 35 ನಿಮಿಷ. ಉಳಿದದ್ದು 30, ಮಿತಿಯೊಳಗೆ. ಒಂದು ತಾಳೆ ನೋಡೋಣ: 6ರಿಂದ 9:40ರವರೆಗೆ ತಿಂಡಿ ಕಳೆದು 190 ನಿಮಿಷ, 12:50ರಿಂದ 2ರವರೆಗೆ 70, ಒಟ್ಟು 260 ಓಡಿದೆ. 230 ಪೀಸಿಗೆ, 30 ಚಿಲ್ಲರೆಗೆ. ಕೂಡಿತು.

ಇನ್ನು ಕರೆಂಟ್. 11:10ರಿಂದ 11:30, ಮೆಷಿನ್ ಮತ್ತೆ ಹೋಮ್ ಮಾಡಿ ಕಟಿಂಗ್ ಶುರುವಾಗುವವರೆಗೆ ಸೇರಿ 20 ನಿಮಿಷ. ಇದನ್ನು ಮೂರೂ ಮೆಷಿನ್‌ಗೆ ಹಾಕಿಬಿಡುವುದು ಸಾಮಾನ್ಯ ತಪ್ಪು. ಎರಡನೇ ಮೆಷಿನ್ ಆ ಹೊತ್ತಿನಲ್ಲಿ ಇನ್ಸರ್ಟ್ ಇಲ್ಲದೆ ನಿಂತೇ ಇತ್ತು. ಕರೆಂಟ್ ಇದ್ದಿದ್ದರೂ ಅದು ಓಡುತ್ತಿರಲಿಲ್ಲ. ಒಂದು ನಿಮಿಷಕ್ಕೆ ಒಂದೇ ಕಾರಣ, ಮೊದಲು ನಿಲ್ಲಿಸಿದ ಕಾರಣಕ್ಕೇ ಆ ನಿಮಿಷ ಸೇರಬೇಕು. ಹಾಗಾಗಿ ಕರೆಂಟಿನ 20 ನಿಮಿಷ ಒಂದನೇ ಮತ್ತು ಮೂರನೇ ಮೆಷಿನ್‌ಗೆ ಮಾತ್ರ. ಒಂದನೆಯದರ 42.5 ಈಗ 22.5ಕ್ಕೆ ಇಳಿಯಿತು, ಸರಿ. ಮೂರನೆಯದು 8ರಿಂದ ಮೈನಸ್ 12ಕ್ಕೆ ಹೋಯಿತು: "ಎಣಿಕೆ ನೋಡು".

ಮೈನಸ್ ಬಂದರೆ ಕಾರಣಗಳು ಹೆಚ್ಚಿಲ್ಲ. ಸೈಕಲ್ ಟೈಮ್ ಹಳೆಯದಿರಬಹುದು, ಯಾರೋ ಫೀಡ್ ಏರಿಸಿ ಪ್ರೋಗ್ರಾಂ ಬದಲಿಸಿರಬಹುದು. ನಿಲುಗಡೆಯ ಹೊತ್ತನ್ನು ಹೆಚ್ಚು ಹೇಳಿರಬಹುದು. ಕೌಂಟರ್‌ನಲ್ಲಿ ಖಾಲಿ ಓಟವೂ ಸೇರಿರಬಹುದು. ಫ್ಯಾನಕ್ ಕಂಟ್ರೋಲ್‌ನಲ್ಲಿ `PARTS COUNT` ಸಾಮಾನ್ಯವಾಗಿ ಪ್ರೋಗ್ರಾಂ ಕೊನೆಯ `M30` ಓದಿದಾಗ ಒಂದು ಏರುತ್ತದೆ, ಚಕ್‌ನಲ್ಲಿ ಪೀಸ್ ಇತ್ತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಸೆಟ್ಟಿಂಗ್ ಆದ ಮೇಲೆ ಕೌಂಟರ್ ಸೊನ್ನೆ ಮಾಡದಿದ್ದರೆ ಟ್ರಯಲ್ ಓಟಗಳೂ ಉತ್ಪಾದನೆಯಾಗಿಬಿಡುತ್ತವೆ.

ನಮ್ಮ ಪ್ರಕರಣದ ಸುಳಿವು ಮಾತ್ರ ಮೆಸೇಜ್‌ನಲ್ಲೇ ಇತ್ತು. ಮೂರನೇ ಮೆಷಿನ್‌ಗೆ ಆಪರೇಟರ್ ಇರಲಿಲ್ಲ, ಸೂಪರ್‌ವೈಸರ್ ತಾವೇ ನೋಡಿಕೊಂಡರು, ಹಾಗಾಗಿ ಆ ಮೆಷಿನ್‌ನ ಗಂಟೆ ಶೀಟ್ ಬರೆದವರಿಲ್ಲ. 96 ಎಂಬುದು ಮೆಸೇಜ್ ಟೈಪ್ ಮಾಡುವಾಗ ಸ್ಕ್ರೀನ್ ನೋಡಿ ಹಾಕಿದ ಸಂಖ್ಯೆ. ಮೆಸೇಜ್ ಬಂದದ್ದು 2:20ಕ್ಕೆ. ಬಿ ಶಿಫ್ಟ್‌ನವರು 2ಕ್ಕೇ ಶುರು ಮಾಡಿದ್ದಾರೆ. 20 ನಿಮಿಷ, ಪೀಸಿಗೆ ಎರಡು ನಿಮಿಷ, ಹತ್ತು ಪೀಸ್ ಅವರದು. ಎ ಶಿಫ್ಟ್‌ನದು 86. ಇದನ್ನು ಊಹೆಯಲ್ಲೇ ಬಿಡದೆ, ಬಿ ಶಿಫ್ಟ್ ಆಪರೇಟರ್ ತಮ್ಮ ಶೀಟ್‌ನಲ್ಲಿ ಬರೆದುಕೊಂಡ ಆರಂಭದ ರೀಡಿಂಗ್ ಜೊತೆ ಹೋಲಿಸಿ. 86 ಎಂದಿದ್ದರೆ ಮುಗಿಯಿತು. 86ಕ್ಕೆ 172 ನಿಮಿಷ, ಉಳಿದದ್ದು 8. ಹೀಗೆ ಹಿಡಿಯದಿದ್ದರೆ ಆ ಹತ್ತು ಶಾಫ್ಟ್ ಎರಡೂ ಶಿಫ್ಟ್‌ನಲ್ಲಿ ಎಣಿಕೆಯಾಗುತ್ತವೆ. ತಿಂಗಳ ಕೊನೆಯಲ್ಲಿ ರಿಪೋರ್ಟ್‌ನಲ್ಲಿ ಇರುವ ಮಾಲು ಸ್ಟೋರ್‌ನಲ್ಲಿ ಇರುವುದಿಲ್ಲ. ಆಗ ಬೈಗುಳ ತಿನ್ನುವವರು ನೀವೇ.

ಮೂರನೇ ಮೆಷಿನ್‌ನ ಸೆಟ್ಟಿಂಗ್ ಬಗ್ಗೆಯೂ ಒಂದು ಪ್ರಶ್ನೆ ಬಾಕಿ ಇದೆ. ಲೆಕ್ಕ ಕೂಡಿತು ಎಂದು ಇಲ್ಲೇ ನಿಲ್ಲಿಸಬೇಡಿ. ಈ ಶಾಫ್ಟ್‌ಗೆ ಸೆಟ್ಟಿಂಗ್ ಪ್ಲ್ಯಾನ್ 90 ನಿಮಿಷ, ಆದದ್ದು 240. "ಸೆಟ್ಟಿಂಗ್ 240" ಎಂದು ಕಳಿಸಿದರೆ ಮ್ಯಾನೇಜರ್ ಸೆಟ್ಟರ್‌ನನ್ನು ಕರೆಸುತ್ತಾರೆ. ಇಲ್ಲೂ ಗಡಿಯಾರದ ಪ್ರಶ್ನೆ: ಮೊದಲ ಪೀಸ್ ಇನ್‌ಸ್ಪೆಕ್ಷನ್‌ಗೆ ಕೊಟ್ಟದ್ದು ಎಷ್ಟು ಗಂಟೆಗೆ, ಓಕೆ ಆಗಿ ಬಂದದ್ದು ಎಷ್ಟು ಗಂಟೆಗೆ? ಉತ್ತರ 8:15ಕ್ಕೆ ಕೊಟ್ಟದ್ದು, 10:30ಕ್ಕೆ ಬಂದದ್ದು ಎಂದಾದರೆ ಚಿತ್ರವೇ ಬದಲು. ಸೆಟ್ಟಿಂಗ್ ಆಗಿದ್ದು 135 ನಿಮಿಷ. ಉಳಿದ 135ರಲ್ಲಿ ತಿಂಡಿ ಕಳೆದು 105 ನಿಮಿಷ ಇನ್‌ಸ್ಪೆಕ್ಷನ್‌ಗೆ ಕಾದದ್ದು, ಏಕೆಂದರೆ ಅಳತೆ ನೋಡುವವರು ಜನರಲ್ ಶಿಫ್ಟ್‌ಗೆ 9ಕ್ಕೆ ಬರುತ್ತಾರೆ, ಬಂದಾಗ ಅವರ ಮುಂದೆ ಬೇರೆ ಪೀಸ್‌ಗಳ ಸಾಲು ಇರುತ್ತದೆ. ಸೆಟ್ಟರ್ ತಡಮಾಡಿದ್ದು 45 ನಿಮಿಷ, ಅದನ್ನು ಕೇಳಬೇಕಾದದ್ದೇ. ಆದರೆ ಅದಕ್ಕಿಂತ ದೊಡ್ಡದು ಸೆಟ್ಟರ್‌ನ ಕೈಯಲ್ಲಿಲ್ಲದ 105 ನಿಮಿಷ. ಸೂಪರ್‌ವೈಸರ್ ಭಾಷೆಯಲ್ಲಿ ಎರಡೂ "ಸೆಟ್ಟಿಂಗ್" ಎಂಬ ಒಂದೇ ಪದ.

ಆ ಆರು ಫ್ಲ್ಯಾಂಜ್‌ಗಳ ಮಾತೂ ಹೀಗೆಯೇ. ಸೈಜ್ ಔಟ್ ಎಂದರೆ ಯಾವ ಕಡೆಗೆ ಎಂದು ಕೇಳಿ. ಇನ್ಸರ್ಟ್ ಸವೆದರೆ ಹೊರವ್ಯಾಸ ದೊಡ್ಡದಾಗಿ ಬರುತ್ತದೆ, ಒಳಬೋರ್ ಚಿಕ್ಕದಾಗಿ ಬರುತ್ತದೆ. ಎರಡರಲ್ಲೂ ಲೋಹ ಇನ್ನೂ ಉಳಿದಿದೆ, ಮತ್ತೆ ಕಟ್ ಕೊಡಬಹುದು. ಹೊರವ್ಯಾಸ ಚಿಕ್ಕದಾಗಿದ್ದರೆ ಅದು ಸವೆತದ ಕತೆಯಲ್ಲ, ಆಫ್‌ಸೆಟ್ ತಪ್ಪಿರಬಹುದು, ಪೀಸ್ ಹೋದಂತೆಯೇ. "ಹೊರವ್ಯಾಸ ದೊಡ್ಡದು, ಇನ್ಸರ್ಟ್ ಬದಲಿಸುವ ಮುಂಚಿನ ಕೊನೇ ಆರು" ಎಂಬ ಉತ್ತರ ಬಂದರೆ ನಿಲುಗಡೆಗೂ ಈ ಆರಕ್ಕೂ ಒಂದೇ ಬೇರು ಎಂದು ಗೊತ್ತಾಗುತ್ತದೆ. ಬೇರೆ ಇನ್ಸರ್ಟ್ ಇಲ್ಲದೆ ಸವೆದದ್ದರಲ್ಲೇ ಎಳೆದಿದ್ದಾರೆ.

ನಿಲುಗಡೆಗಳಿಗೆ ಎರಡನೇ ಶೀಟ್ ಇಡಿ: ತಾರೀಕು, ಶಿಫ್ಟ್, ಮೆಷಿನ್, ನಿಂತದ್ದು, ಓಡಿದ್ದು, ಮಧ್ಯೆ ಬಂದ ಬ್ರೇಕ್, ನಿವ್ವಳ ನಿಮಿಷ, ಕಾರಣ, ಮತ್ತು ಸೂಪರ್‌ವೈಸರ್ ಹೇಳಿದ ಮಾತು ಇದ್ದ ಹಾಗೇ. ನಿಂತದ್ದು D, ಓಡಿದ್ದು E, ಬ್ರೇಕ್ F ಆದರೆ ನಿವ್ವಳ:

```
=ROUND(MOD(E2-D2,1)*1440,0)-F2
```

`MOD` ಹಾಕಿರುವುದು ಸಿ ಶಿಫ್ಟ್‌ಗಾಗಿ. ರಾತ್ರಿ 23:40ಕ್ಕೆ ನಿಂತು 0:25ಕ್ಕೆ ಓಡಿದರೆ ಬರೀ ಕಳೆಯುವ ಫಾರ್ಮುಲಾ ಮೈನಸ್ ಕೊಡುತ್ತದೆ, ಇದು 45 ಕೊಡುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ಆ ಶಿಫ್ಟ್‌ಗೆ, ಅದು ಶುರುವಾದ ದಿನದ ತಾರೀಕನ್ನೇ ಹಾಕಿ. ಬೆಳಿಗ್ಗೆ 6:10ಕ್ಕೆ ಬರುವ ಮೆಸೇಜ್‌ನಲ್ಲಿ "ಇವತ್ತು", "ನಿನ್ನೆ" ಎರಡೂ ಇರುತ್ತವೆ, ಎರಡೂ ಒಂದೇ ಶಿಫ್ಟ್. ನಿಮ್ಮ ದಿನ 6ರಿಂದ 6ರವರೆಗೆ ಎಂದು ರಿಪೋರ್ಟ್ ತಲೆಯಲ್ಲೇ ಬರೆದುಬಿಡಿ.

ಕಾರಣದ ಪಟ್ಟಿ ಎಂಟು ಹತ್ತು ದಾಟದಿರಲಿ: ಸೆಟ್ಟಿಂಗ್, ಟೂಲ್ ಇಲ್ಲ, ಮಾಲು ಇಲ್ಲ, ಬ್ರೇಕ್‌ಡೌನ್, ಕರೆಂಟ್, ಇನ್‌ಸ್ಪೆಕ್ಷನ್ ಕಾಯುವಿಕೆ, ಆಪರೇಟರ್ ಇಲ್ಲ, ಪ್ಲ್ಯಾನ್ ಇಲ್ಲ. ನಲವತ್ತು ಕಾರಣ ಮಾಡಿದರೆ ಎಲ್ಲವೂ "ಇತರೆ"ಗೆ ಹೋಗಿ ಬೀಳುತ್ತವೆ. ಪ್ರತಿ ಕಾರಣಕ್ಕೂ ಉತ್ತರಿಸುವ ವಿಭಾಗ ಒಂದೇ ಇರಬೇಕು, ಪಟ್ಟಿ ಮಾಡುವಾಗ ಅದೊಂದೇ ಪರೀಕ್ಷೆ.

ಇಷ್ಟಾದ ಮೇಲೆ ಮ್ಯಾನೇಜರ್‌ಗೆ ಹೋಗುವುದು ಬಹಳ ಚಿಕ್ಕದು. ಫೋನ್ ಸ್ಕ್ರೀನ್‌ನಲ್ಲಿ ಒಮ್ಮೆಗೇ ಕಾಣುವಷ್ಟು. ಎ ಶಿಫ್ಟ್‌ನ ಭಾಗ ಹೀಗಿರುತ್ತದೆ (ಕೇಳಿದಾಗ ಬುಷ್‌ನಲ್ಲಿ 3 ರಿಜೆಕ್ಟ್ ಎಂದರು ಎಂದಿಟ್ಟುಕೊಳ್ಳಿ):

> ಎ ಶಿಫ್ಟ್, 6:00–14:00
> ಬುಷ್: ಪ್ಲ್ಯಾನ್ 250, ಓಕೆ 262, ರಿಜೆಕ್ಟ್ 3
> ಫ್ಲ್ಯಾಂಜ್: ಪ್ಲ್ಯಾನ್ 150, ಓಕೆ 86, ಹೋಲ್ಡ್ 6 (ಹೊರವ್ಯಾಸ ದೊಡ್ಡದು, ರೀವರ್ಕ್ ತೀರ್ಮಾನ ಬಾಕಿ)
> ಶಾಫ್ಟ್: ಪ್ಲ್ಯಾನ್ 150, ಓಕೆ 86
>
> ನಿಂತದ್ದು
> ಮೆಷಿನ್ 2: ಇನ್ಸರ್ಟ್ ಇಲ್ಲ, 9:40–12:15, 145 ನಿಮಿಷ (58 ಫ್ಲ್ಯಾಂಜ್‌ನಷ್ಟು ಸಮಯ). ಬದಲಿಸಿ ಪಾಸ್ ಆಗಲು ಇನ್ನೂ 35
> ಮೆಷಿನ್ 3: ಸೆಟ್ಟಿಂಗ್ 135 (ಪ್ಲ್ಯಾನ್ 90). ಮೊದಲ ಪೀಸ್ ಇನ್‌ಸ್ಪೆಕ್ಷನ್‌ಗೆ ಕಾದದ್ದು 105 (52 ಶಾಫ್ಟ್‌ನಷ್ಟು ಸಮಯ)
> ಕರೆಂಟ್: 11:10–11:30, ಮೆಷಿನ್ 1 ಮತ್ತು 3
> ಕಾರಣ ಸಿಗದ ನಿಮಿಷ: ಮೆಷಿನ್ 1: 22, ಮೆಷಿನ್ 2: 30, ಮೆಷಿನ್ 3: 8
>
> ಗಮನಕ್ಕೆ
> ಫ್ಲ್ಯಾಂಜ್ ಇನ್ಸರ್ಟ್ ಈಗ ಸ್ಟೋರ್‌ನಲ್ಲಿ ಎಷ್ಟಿದೆ: ಸ್ಟೋರ್ ಉತ್ತರ 8:30ಕ್ಕೆ
> ಮೆಷಿನ್ 3ಕ್ಕೆ ಆಪರೇಟರ್ ಇರಲಿಲ್ಲ, ಸೂಪರ್‌ವೈಸರ್ ನಡೆಸಿದರು

ಪ್ಲ್ಯಾನ್ ಸಂಖ್ಯೆಗಳು ಎಲ್ಲಿಂದ ಬಂದವು ಎಂದರೆ, ಪೂರ್ತಿ ವೇಗದಲ್ಲಿ ಆಗಬಹುದಾದದ್ದರ ಸುಮಾರು 85 ಶೇಕಡಾ. ಬುಷ್ 293 ಆಗಬಹುದು, ಪ್ಲ್ಯಾನ್ 250. ಫ್ಲ್ಯಾಂಜ್ 176ಕ್ಕೆ 150. ಶಾಫ್ಟ್‌ಗೆ ಸೆಟ್ಟಿಂಗ್‌ನ 90 ಕಳೆದು ಉಳಿದ 350 ನಿಮಿಷಕ್ಕೆ 175, ಪ್ಲ್ಯಾನ್ 150. 58, 52 ಎಂಬ ಸಂಖ್ಯೆಗಳು ಮಾತ್ರ ಪೂರ್ತಿ ವೇಗದ ಲೆಕ್ಕ, ಹಾಗಾಗಿ ಅವುಗಳನ್ನು ಪ್ಲ್ಯಾನ್‌ನ ಕೊರತೆಯ ಜೊತೆ ಕೂಡಿಸಿ ತಾಳೆ ನೋಡಬೇಡಿ. ಒಟ್ಟು 434 ಪೀಸ್ ಓಕೆ ಎಂದು ಬುಷ್, ಫ್ಲ್ಯಾಂಜ್, ಶಾಫ್ಟ್ ಕೂಡಿ ಹೇಳುವುದೂ ಬೇಡ. ಒಂದೂವರೆ ನಿಮಿಷದ ಬುಷ್ ಹೆಚ್ಚು ಮಾಡಿ ಎರಡೂವರೆ ನಿಮಿಷದ ಫ್ಲ್ಯಾಂಜ್ ಕೊರತೆಯನ್ನು ಮುಚ್ಚಿಹಾಕಲು ಅದೊಂದು ಸುಲಭ ದಾರಿ.

ಕೆಲವು ಮ್ಯಾನೇಜರ್‌ಗಳು ಓಇಇ ಕೇಳುತ್ತಾರೆ, ಅಂದರೆ ಸಿಕ್ಕ ಸಮಯದಲ್ಲಿ ಎಷ್ಟು ಶೇಕಡಾ ಒಳ್ಳೆಯ ಪೀಸ್ ಮಾಡಲು ಹೋಯಿತು ಎಂಬ ಲೆಕ್ಕ. ನಿಮ್ಮ ಶೀಟ್‌ನಿಂದ ಅದು ತಾನಾಗಿಯೇ ಬರುತ್ತದೆ. ಎರಡನೇ ಮೆಷಿನ್‌ನದು: ಓಕೆ 86, ತಲಾ 2.5 ನಿಮಿಷ, 215. 440ರಿಂದ ಭಾಗಿಸಿದರೆ ಸುಮಾರು 49 ಶೇಕಡಾ. ಹೋಲ್ಡ್‌ನ ಆರು ಇದರಲ್ಲಿ ಸೇರಿಲ್ಲ, ರೀವರ್ಕ್ ಆಗಿ ಪಾಸಾದರೂ ಸೇರುವುದಿಲ್ಲ. ಮೊದಲ ಸಲಕ್ಕೇ ಸರಿಯಾದದ್ದಕ್ಕೆ ಮಾತ್ರ ಇಲ್ಲಿ ಜಾಗ. ಕೇಳದಿದ್ದರೆ ನೀವಾಗಿ ಹಾಕಬೇಡಿ. 49 ಎಂಬ ಸಂಖ್ಯೆ ಇನ್ಸರ್ಟ್ ತರಿಸುವುದಿಲ್ಲ, "145 ನಿಮಿಷ ಇನ್ಸರ್ಟ್ ಇಲ್ಲ" ಎಂಬ ಸಾಲು ತರಿಸುತ್ತದೆ.

ಇನ್ನೊಂದು ಸಂಗತಿ. ಸೂಪರ್‌ವೈಸರ್ ಸಂಜೆ "ಅದು 265 ಅಲ್ಲ, 256" ಎಂದು ಮತ್ತೆ ಬರೆಯಬಹುದು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ 15 ನಿಮಿಷದೊಳಗೆ ಮೆಸೇಜನ್ನೇ ತಿದ್ದಲೂ ಬಹುದು, ಆಗ ಹಳೆಯ ಸಂಖ್ಯೆ ಗ್ರೂಪಿನಲ್ಲಿ ಕಾಣುವುದಿಲ್ಲ. ಅದಕ್ಕೇ ಮೆಸೇಜ್ ಬಂದ ಕೂಡಲೇ ಮೂಲವನ್ನು ಶೀಟ್‌ನ ಕೊನೆ ಖಾನೆಗೆ ನಕಲು ಮಾಡಿಕೊಳ್ಳಿ, ಗ್ರೂಪಿನಲ್ಲಿ ಮೆಸೇಜ್ ತಾನಾಗಿ ಅಳಿಯುವ ವ್ಯವಸ್ಥೆ ಹಾಕಿದ್ದರೆ ತೆಗೆಸಿ. ತಿದ್ದುಪಡಿಯನ್ನು ಲೆಕ್ಕಕ್ಕೆ ಹಾಕಿ ನೋಡಿ: 256 ಬುಷ್‌ಗೆ 384 ನಿಮಿಷ, ಕರೆಂಟಿನ 20 ಕಳೆದು ಉಳಿಯುವುದು 36. ಮಿತಿಯ ಮೇಲೆ ಒಂದು ಕೂದಲೆಳೆ. ಎರಡೂ ನಂಬುವಂಥವೇ, ಆದ್ದರಿಂದ ಲೆಕ್ಕ ಇಲ್ಲಿ ತೀರ್ಪು ಕೊಡುವುದಿಲ್ಲ. ಟ್ರೇ ಎಣಿಸಿದ ಸ್ಟೋರ್ ಚೀಟಿಯೇ ಕೊಡಬೇಕು. ರಿಪೋರ್ಟ್ ಆಗಲೇ ಹೋಗಿದ್ದರೆ ಅದೇ ಫೈಲ್ ಮೇಲೆ ಸದ್ದಿಲ್ಲದೆ ತಿದ್ದಬೇಡಿ. ಮರುದಿನದ ರಿಪೋರ್ಟ್‌ನ ಮೊದಲ ಸಾಲಿನಲ್ಲಿ "ನಿನ್ನೆ ಎ ಶಿಫ್ಟ್ ಬುಷ್ ಓಕೆ 262 ಎಂದಿತ್ತು, ಸ್ಟೋರ್ ಎಣಿಕೆಯಂತೆ 253" ಎಂದು ಬರೆಯಿರಿ.

ಫೋನ್ ಎತ್ತದ ದಿನವೂ ಇರುತ್ತದೆ. ಬೆಳಿಗ್ಗೆ ರಿಪೋರ್ಟ್ ಕಳಿಸುವ ಹೊತ್ತಾಯಿತು, ಎರಡನೇ ಮೆಷಿನ್‌ನ 65 ನಿಮಿಷಕ್ಕೆ ಉತ್ತರ ಸಿಗಲಿಲ್ಲ. ಆಗ "ಮೆಷಿನ್ 2: ಕಾರಣ ಸಿಗದ 65 ನಿಮಿಷ, ಸೂಪರ್‌ವೈಸರ್‌ನ ಕೇಳಬೇಕಿದೆ" ಎಂದು ಹಾಗೇ ಕಳಿಸಿ, ಅದೇ ಸಾಲನ್ನು ಗ್ರೂಪಿಗೂ ಹಾಕಿ. ಮ್ಯಾನೇಜರ್‌ನ ಮಾಮೂಲಿ ಪ್ರಶ್ನೆಯನ್ನು ಈ ಸಲ ನೀವೇ ಮೊದಲು ಕೇಳಿದಂತಾಯಿತು. ಮತ್ತು ಗ್ರೂಪಿನಲ್ಲಿ ಆ ಸಾಲು ಓದಿದ ಸೂಪರ್‌ವೈಸರ್, ಮಾರನೇ ದಿನದ ಮೆಸೇಜ್‌ನಲ್ಲಿ ಪಾಸಾದ ಹೊತ್ತನ್ನು ತಾವಾಗಿಯೇ ಬರೆಯುವ ಸಾಧ್ಯತೆ ಹೆಚ್ಚು.